ಹೆಡಿಂಗ್ಲಿ ಬೋರ್ಡಿನ 500-1

1981ರ ಜುಲೈ 18, ಶನಿವಾರ. ಲೀಡ್ಸ್‌ನ ಹೆಡಿಂಗ್ಲಿ ಮೈದಾನದಲ್ಲಿ ಆಷಸ್ ಸರಣಿಯ ಮೂರನೇ ಟೆಸ್ಟ್ ನಡೆಯುತ್ತಿತ್ತು. ಆಸ್ಟ್ರೇಲಿಯಾ 9 ವಿಕೆಟ್‌ಗೆ 401 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತ್ತು. 174ಕ್ಕೆ ಆಲೌಟಾದ ಇಂಗ್ಲೆಂಡ್ ಫಾಲೋ ಆನ್‌ಗೆ ಸಿಲುಕಿ, ದಿನದ ಕೊನೆಗೆ ಒಂದು ವಿಕೆಟ್ ಕಳೆದುಕೊಂಡು 6 ರನ್ ಮಾಡಿತ್ತು. ಆಸ್ಟ್ರೇಲಿಯಾದ ಮೊತ್ತ ಮುಟ್ಟಲು ಇನ್ನೂ 221 ರನ್ ಬೇಕಿತ್ತು. ಮೈದಾನದ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಲ್ಯಾಡ್‌ಬ್ರೋಕ್ಸ್ ಬೆಟ್ಟಿಂಗ್ ಸಂಸ್ಥೆಯ ದರಗಳು ಮೂಡಿದವು: ಆಸ್ಟ್ರೇಲಿಯಾ 1-4, ಡ್ರಾ 5-2, ಇಂಗ್ಲೆಂಡ್ 500-1.

ಈ ದರಗಳ ವಿಷಯದಲ್ಲಿ ಸಂಸ್ಥೆಗೆ ಸಲಹೆ ಕೊಡುತ್ತಿದ್ದವರು ಇಂಗ್ಲೆಂಡಿನ ಮಾಜಿ ವಿಕೆಟ್‌ಕೀಪರ್ ಗಾಡ್‌ಫ್ರೆ ಇವಾನ್ಸ್. ಬೋರ್ಡು ನೋಡಿ ಆಸೆಪಟ್ಟವರು ಎದುರಾಳಿ ತಂಡದವರೇ ಆದ ಡೆನ್ನಿಸ್ ಲಿಲ್ಲೀ ಮತ್ತು ರಾಡ್ ಮಾರ್ಷ್. ಲಿಲ್ಲೀ 10 ಪೌಂಡ್, ಮಾರ್ಷ್ 5 ಪೌಂಡ್ ಇಂಗ್ಲೆಂಡ್ ಮೇಲೆ ಕಟ್ಟಿದರು. ದುಡ್ಡು ಕಟ್ಟಿ ಬಂದವನು ತಂಡದ ಬಸ್ಸಿನ ಚಾಲಕ. ಮುಂದಿನದು ಕ್ರಿಕೆಟ್ ಪ್ರಿಯರಿಗೆ ಬಾಯಿಪಾಠ. ಇಂಗ್ಲೆಂಡ್ 135ಕ್ಕೆ 7 ವಿಕೆಟ್ ಕಳೆದುಕೊಂಡಿದ್ದಾಗ ಇಯಾನ್ ಬೋಥಮ್ ಬೀಸತೊಡಗಿ 149 ರನ್ ಗಳಿಸಿ ಅಜೇಯರಾಗಿ ಉಳಿದರು. 130 ರನ್ ಬೆನ್ನಟ್ಟಿದ ಆಸ್ಟ್ರೇಲಿಯಾ, ಬಾಬ್ ವಿಲ್ಲಿಸ್ 43 ರನ್‌ಗೆ 8 ವಿಕೆಟ್ ಕಿತ್ತಾಗ 111ಕ್ಕೆ ಕುಸಿಯಿತು. ಇಬ್ಬರು ಆಟಗಾರರಿಗೆ ಬಂದ ಲಾಭ ಒಟ್ಟು 7,500 ಪೌಂಡ್.

ತಮ್ಮ ತಂಡದ ಸೋಲಿನ ಮೇಲೆ ಹಣ ಕಟ್ಟಿದ್ದು ಸರಿಯೇ ಎಂಬ ಜಗಳ ಆಗಲೇ ಹುಟ್ಟಿತು, ಇಂದಿಗೂ ನಿಂತಿಲ್ಲ. ಇಂದಿನ ನಿಯಮಗಳಡಿ ಅದು ಸಾಧ್ಯವೂ ಇಲ್ಲ. ಆದರೆ ಅವರು ಮನಸ್ಸಿಟ್ಟು ಆಡಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಕೊನೆಯ ದಿನ ಒಂಬತ್ತನೇ ವಿಕೆಟ್‌ಗೆ ರೇ ಬ್ರೈಟ್ ಜೊತೆ 35 ರನ್ ಸೇರಿಸಿ ತನ್ನ ಬಾಜಿಯನ್ನು ತಾನೇ ಸೋಲಿಸುವಷ್ಟು ಹತ್ತಿರ ಹೋದವರು ಲಿಲ್ಲೀ! ಆ ಜಗಳ ಪಕ್ಕಕ್ಕಿರಲಿ. ಬೋರ್ಡು ನೋಡಿದ ಕ್ಷಣದಲ್ಲಿ, ಬೋಥಮ್ ಇನ್ನೂ ಬ್ಯಾಟು ಹಿಡಿಯದಿದ್ದಾಗ, 500-1 ದರಕ್ಕೆ ಹಣ ಕಟ್ಟುವುದು ಲೆಕ್ಕದ ಪ್ರಕಾರ ಲಾಭದ್ದೋ ನಷ್ಟದ್ದೋ?

ಬೆಂಗಳೂರಿನ ರೇಸ್‌ಕೋರ್ಸ್ ಕಂಡವರಿಗೆ ದರ ಬರೆಯುವ ಈ ರೀತಿ ಪರಿಚಿತ. 500-1 ಎಂದರೆ ಒಂದು ಪೌಂಡ್ ಕಟ್ಟಿ ಗೆದ್ದರೆ 500 ಪೌಂಡ್ ಲಾಭ, ಕಟ್ಟಿದ ಒಂದೂ ವಾಪಸ್; ಸೋತರೆ ಕಟ್ಟಿದ್ದು ಹೋಯಿತು. 501 ಸಲ ಹೀಗೇ ಕಟ್ಟಿ ಒಮ್ಮೆ ಮಾತ್ರ ಗೆದ್ದರೆ, ಹೋದದ್ದು 500, ಬಂದದ್ದು 500. ಅಂದರೆ ಇಂಗ್ಲೆಂಡ್ ಗೆಲ್ಲುವ ಸಂಭವ 501ರಲ್ಲಿ ಒಂದು, ಸರಿಸುಮಾರು ಶೇ. 0.2 ಇದ್ದರೆ ಬಾಜಿ ಸಮಸಮ. ಅದಕ್ಕಿಂತ ಹೆಚ್ಚಿದ್ದರೆ ಕಟ್ಟುವವನಿಗೆ ಅನುಕೂಲ, ಕಡಿಮೆಯಿದ್ದರೆ ಬುಕಿಗೆ.

ಈ ಅನುಕೂಲವನ್ನು ಹಣದಲ್ಲಿ ಹೇಳುವ ಅಳತೆಯ ಹೆಸರು ನಿರೀಕ್ಷಿತ ಮೌಲ್ಯ. ಗೆಲ್ಲುವ ಸಂಭವವನ್ನು ಗೆದ್ದರೆ ಸಿಗುವ ಲಾಭದಿಂದ ಗುಣಿಸಬೇಕು, ಸೋಲುವ ಸಂಭವವನ್ನು ಕಳೆದುಕೊಳ್ಳುವ ಹಣದಿಂದ ಗುಣಿಸಬೇಕು, ಮೊದಲಿನದರಿಂದ ಎರಡನೆಯದನ್ನು ಕಳೆಯಬೇಕು. ಇಂಗ್ಲೆಂಡ್ ಗೆಲ್ಲುವ ಸಂಭವ ನೂರಕ್ಕೊಂದು ಎಂದು ಲಿಲ್ಲೀ ಅಂದಾಜಿಸಿದ್ದರು ಎಂದುಕೊಳ್ಳೋಣ. 10 ಪೌಂಡ್ ಬಾಜಿಗೆ ಗೆಲುವಿನ ಪಾಲು 5,000ದ ನೂರನೇ ಒಂದು ಭಾಗ, ಅಂದರೆ 50 ಪೌಂಡ್. ಸೋಲಿನ ಪಾಲು 10ರ ಶೇ. 99, ಅಂದರೆ 9 ಪೌಂಡ್ 90 ಪೆನ್ಸ್. ಉಳಿದದ್ದು 40 ಪೌಂಡ್ 10 ಪೆನ್ಸ್. ಅಂದಾಜು ಸರಿಯಿದ್ದರೆ, ಆ ಹತ್ತು ಪೌಂಡಿನ ಚೀಟಿಯ ನಿರೀಕ್ಷಿತ ಲಾಭ ಅಷ್ಟು.

ಆದರೆ ಈ 40 ಪೌಂಡ್ ಯಾರ ಕೈಗೂ ಬರುವ ಹಣವಲ್ಲ. ಒಂದೇ ಬಾಜಿಯಲ್ಲಿ ಬರುವುದು 5,000, ಇಲ್ಲವೇ ಹೋಗುವುದು 10, ನಡುವಿನದು ಇಲ್ಲ. ಇಂಥ ಬಾಜಿಗಳನ್ನು ಮತ್ತೆ ಮತ್ತೆ ಕಟ್ಟುತ್ತ ಹೋದರೆ ಒಂದೊಂದಕ್ಕೆ ಸರಾಸರಿ ಎಷ್ಟು ಬೀಳುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಅದೇ ಬೋರ್ಡಿನ ಇನ್ನೊಂದು ತುದಿಯನ್ನು ನೋಡಿದರೆ ಲೆಕ್ಕದ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯಾಕ್ಕೆ 1-4, ಅಂದರೆ ನಾಲ್ಕು ಪೌಂಡ್ ಕಟ್ಟಿದರೆ ಲಾಭ ಒಂದೇ ಪೌಂಡ್. ಸಮಸಮ ಆಗಲು ಐದರಲ್ಲಿ ನಾಲ್ಕು ಸಲ, ಶೇ. 80ರಷ್ಟು, ಗೆಲ್ಲಬೇಕು. ಆಸ್ಟ್ರೇಲಿಯಾ ಗೆಲ್ಲುವ ಸಂಭವ ಶೇ. 75 ಎಂದು ನಂಬಿದವನೊಬ್ಬ ಕಟ್ಟಿದ ಎನ್ನೋಣ. ಗೆಲುವಿನ ಪಾಲು 75 ಪೆನ್ಸ್, ಸೋಲಿನ ಪಾಲು ನಾಲ್ಕು ಪೌಂಡಿನ ಕಾಲುಭಾಗ, ಅಂದರೆ ಒಂದು ಪೌಂಡ್. ಚೀಟಿ ಕೊಂಡ ಕ್ಷಣಕ್ಕೇ 25 ಪೆನ್ಸ್ ನಷ್ಟ. ಯಾರು ಗೆಲ್ಲುತ್ತಾರೆ ಎಂಬ ಅವನ ಊಹೆ ಬಹುಪಾಲು ಸರಿಯೇ. ಆದರೂ ಅದು ಕೆಟ್ಟ ಬಾಜಿ. ‘ಆಸ್ಟ್ರೇಲಿಯಾ ಗೆಲ್ಲುವುದು ಗ್ಯಾರಂಟಿ’ ಎನ್ನುತ್ತ ಹಣ ಕಟ್ಟುವವರು ಎಡವುವುದು ಇಲ್ಲೇ. ಗೆಲ್ಲುವವರನ್ನು ಗುರುತಿಸಿದರೆ ಸಾಲದು, ಕೇಳಿದ ಬೆಲೆ ಆ ಗೆಲುವಿಗೆ ತಕ್ಕದ್ದೇ ಎಂದು ನೋಡಬೇಕು.

ಬೋರ್ಡಿನ ಮೂರೂ ದರಗಳನ್ನು ಸಂಭವಕ್ಕೆ ಇಳಿಸಿ ಕೂಡಿದರೆ ಬುಕಿಯ ಗುಟ್ಟು ಹೊರಬೀಳುತ್ತದೆ. ಆಸ್ಟ್ರೇಲಿಯಾ 80, ಡ್ರಾ 28.6, ಇಂಗ್ಲೆಂಡ್ 0.2; ಒಟ್ಟು ಶೇ. 108.8. ಮೂರರಲ್ಲಿ ಯಾವುದೋ ಒಂದು ಆಗಲೇಬೇಕಾದ್ದರಿಂದ ನಿಜವಾದ ಮೊತ್ತ 100. ಮೇಲಿನ 8.8 ಬುಕಿಯ ಅಂಚು. ಅದನ್ನು ಎಲ್ಲದರಿಂದ ಅದದರ ಪ್ರಮಾಣದಲ್ಲಿ ತೆಗೆದರೆ ಆಸ್ಟ್ರೇಲಿಯಾ ಸುಮಾರು 73.5, ಡ್ರಾ 26.3, ಇಂಗ್ಲೆಂಡ್ 0.18 ಉಳಿಯುತ್ತದೆ. ಬುಕಿಯ ಮನಸ್ಸಿನ ಅಂದಾಜು ಇದಕ್ಕೆ ಹತ್ತಿರದ್ದು ಎಂದುಕೊಳ್ಳಬಹುದು. ಆದ್ದರಿಂದ ಬುಕಿಗಿಂತ ಒಂದಿಷ್ಟು ಚೆನ್ನಾಗಿ ಊಹಿಸಿದರೆ ಸಾಲದು. ಈ ಅಂಚನ್ನು ದಾಟುವಷ್ಟು ಚೆನ್ನಾಗಿ ಊಹಿಸಬೇಕು.

ಇಲ್ಲಿಯವರೆಗಿನದು ಶಾಲೆಯ ಗಣಿತ. ಕಷ್ಟವಿರುವುದು ಒಂದೇ ಅಂಕಿಯಲ್ಲಿ: ಕಟ್ಟುವವನ ಸ್ವಂತ ಅಂದಾಜಿನಲ್ಲಿ. ಇಂಗ್ಲೆಂಡಿನ ಸಂಭವ ಸಾವಿರಕ್ಕೆ ಒಂದು ಎಂದರೆ ಕಟ್ಟಿದ ಪ್ರತಿ ಪೌಂಡಿನಲ್ಲಿ ಅರ್ಧ ಹೋಗುತ್ತದೆ. ಸಾವಿರಕ್ಕೆ ಮೂರು ಎಂದರೆ ಪ್ರತಿ ಪೌಂಡಿಗೆ ಅರ್ಧ ಪೌಂಡ್ ಲಾಭ. ಸಾವಿರಕ್ಕೆ ಒಂದಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಯಾವ ಅನುಭವಿಯ ಮನಸ್ಸಿಗೂ ತಟ್ಟುವಂಥದ್ದಲ್ಲ. ಎರಡನ್ನೂ ನಾವು ‘ಆಗದ ಮಾತು’ ಎಂದೇ ಅನ್ನುತ್ತೇವೆ. ದೊಡ್ಡ ದರದ ಬಾಜಿಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ತಪ್ಪು ಲಾಭವನ್ನು ನಷ್ಟ ಮಾಡಿಬಿಡುತ್ತದೆ. 1949ರಲ್ಲಿ ಅಮೆರಿಕದ ಕುದುರೆ ರೇಸುಗಳ ಅಂಕಿಅಂಶ ನೋಡಿದ ಮನಶ್ಶಾಸ್ತ್ರಜ್ಞ ಗ್ರಿಫಿತ್, ಗೆಲ್ಲುವ ಸಂಭವ ತೀರಾ ಕಡಿಮೆಯಿರುವ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆಗಿಂತ ಹೆಚ್ಚು ಹಣ ಸುರಿಯುತ್ತಾರೆಂದು ತೋರಿಸಿದರು. ಆಮೇಲೆ ಹಲವು ದೇಶಗಳ ರೇಸುಗಳಲ್ಲಿ ಅದೇ ಕಂಡಿದೆ.

ಹಾಗಾದರೆ ಹೆಡಿಂಗ್ಲಿಯಲ್ಲಿ ಅಂದಾಜು ಮಾಡುವುದು ಹೇಗಿತ್ತು? ಇದು ಎರಡೇ ಕುದುರೆಗಳ ಓಟ, ಅದರಲ್ಲಿ ಒಂದಕ್ಕೆ ಇಷ್ಟು ದರ ಸಿಕ್ಕರೆ ಬಿಡುವುದು ಹೇಗೆ ಎಂಬ ಧಾಟಿಯಲ್ಲಿ ಲಿಲ್ಲೀ ಆಮೇಲೆ ಕಾರಣ ಕೊಟ್ಟರು. ಕೇಳಲು ಚೆಂದ, ಆದರೆ ಕಾರಣ ಗಟ್ಟಿಯಲ್ಲ; ಓಡುವವರು ಇಬ್ಬರೇ ಎಂದ ಮಾತ್ರಕ್ಕೆ ಕುಂಟನ ಸಂಭವ ಹೆಚ್ಚುವುದಿಲ್ಲ. ಹಿಂದಿನ ದಾಖಲೆ ನೋಡುವುದು ಮೇಲು. ಫಾಲೋ ಆನ್ ಆದ ತಂಡ ಗೆದ್ದದ್ದು ಅಲ್ಲಿಯವರೆಗೆ ಒಮ್ಮೆ ಮಾತ್ರ, 1894ರ ಸಿಡ್ನಿ ಟೆಸ್ಟ್‌ನಲ್ಲಿ, ಗೆದ್ದದ್ದೂ ಇಂಗ್ಲೆಂಡೇ.

ಒಂದು ಸರಿ, ಆದರೆ ಎಷ್ಟರಲ್ಲಿ ಒಂದು? ಅಲ್ಲಿಯವರೆಗೆ ನಡೆದಿದ್ದ ಟೆಸ್ಟ್‌ಗಳು ಒಟ್ಟು ಒಂಬೈನೂರರಷ್ಟು. ಒಂಬೈನೂರರಲ್ಲಿ ಒಂದು ಎಂದರೆ ಪ್ರತಿ ಪೌಂಡಿಗೆ 44 ಪೆನ್ಸ್ ನಷ್ಟ, ಲಿಲ್ಲೀ ಬೆಪ್ಪಾದಂತೆ. ಆದರೆ ಆ ಭಾಗಾಕಾರ ತಪ್ಪು. ಇಂಗ್ಲೆಂಡ್ ಆಗಲೇ ಫಾಲೋ ಆನ್ ಆಗಿತ್ತು. ಹಾಗಾಗಿ ಎಣಿಸಬೇಕಾದ್ದು ಫಾಲೋ ಆನ್ ಆದ ಪಂದ್ಯಗಳನ್ನು ಮಾತ್ರ. ಉದಾಹರಣೆಗೆ ಅಂಥವು ಇನ್ನೂರು ಎಂದು ಇಟ್ಟುಕೊಂಡರೆ ಸಂಭವ ಶೇ. 0.5, ಪ್ರತಿ ಪೌಂಡಿಗೆ ನಿರೀಕ್ಷಿತ ಲಾಭ ಒಂದೂವರೆ ಪೌಂಡ್. ಅದೇ ದರ, ಅದೇ ದಾಖಲೆ. ಕೆಳಗಿನ ಸಂಖ್ಯೆ ಬದಲಾದದ್ದೇ ಬಾಜಿಯ ಗುಣವೇ ಬದಲಾಯಿತು. ಒಂದೇ ಒಂದು ಹಳೆಯ ಗೆಲುವಿನ ಮೇಲೆ ಕಟ್ಟಿದ ಅಂದಾಜು ಅಲುಗಾಡುತ್ತಲೇ ಇರುತ್ತದೆ ಎಂಬುದೂ ನಿಜ. ಆ ಪಟ್ಟಿಗೆ ಮುಂದೆ ಸೇರಿದ್ದು ಹೆಡಿಂಗ್ಲಿ. ಬಳಿಕ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180 ಹೊಡೆದ 2001ರ ಕೋಲ್ಕತ್ತ. ನಂತರ ನ್ಯೂಜಿಲೆಂಡ್ ಒಂದು ರನ್‌ನಿಂದ ಗೆದ್ದ 2023ರ ವೆಲಿಂಗ್ಟನ್. ಅಪರೂಪವೇ, ಆದರೂ 500-1 ದರ ಉದಾರವಾಗಿತ್ತು ಎಂದು ಲೇಖಕನಿಗೆ ಅನ್ನಿಸಲು ಇಷ್ಟು ಸಾಕು.

ತನ್ನ ಅಂದಾಜಿಗೂ ದರಕ್ಕೂ ಅಂತರ ಕಂಡಾಗ ಹೆಚ್ಚಿನವರು ಬುಕಿ ತಪ್ಪಿದ್ದಾನೆ ಎಂದೇ ತಿಳಿಯುತ್ತಾರೆ. ತಪ್ಪಿರುವುದು ತಾನೂ ಆಗಿರಬಹುದು. ಅಂತರ ದೊಡ್ಡದಿದ್ದಷ್ಟೂ ಆ ಅನುಮಾನ ದೊಡ್ಡದಾಗಬೇಕು, ಏಕೆಂದರೆ ಹಣ ಕಟ್ಟಲು ಮನಸ್ಸಾಗುವುದು ತಾನು ಅತಿಯಾಗಿ ಅಂದಾಜಿಸಿದ ಕಡೆಯೇ. ಇದಕ್ಕೊಂದು ಸರಳ ಪರೀಕ್ಷೆಯಿದೆ: ಸ್ವಂತ ಅಂದಾಜನ್ನೂ ಅಂಚು ಕಳೆದ ಬುಕಿಯ ಅಂದಾಜನ್ನೂ ಕೂಡಿಸಿ ಅರ್ಧ ಮಾಡಿ, ಲೆಕ್ಕವನ್ನು ಮತ್ತೆ ಹಾಕುವುದು. ಆಸ್ಟ್ರೇಲಿಯಾದ ಸಂಭವ ಶೇ. 85 ಎಂದು ನಂಬಿದವನಿಗೆ ಮೊದಲು ನಾಲ್ಕು ಪೌಂಡಿಗೆ 25 ಪೆನ್ಸ್ ಲಾಭ ಕಾಣುತ್ತದೆ. 85 ಮತ್ತು 73.5ರ ನಡುವಿನದು 79.25, ಬೇಕಾದ 80ಕ್ಕಿಂತ ಕಡಿಮೆ. ಲಾಭ ಮಾಯ. ಇಂಗ್ಲೆಂಡಿಗೆ ನೂರಕ್ಕೊಂದು ಎಂದವನ ಸರಾಸರಿ ಶೇ. 0.59, ಬೇಕಾದ 0.2ಕ್ಕಿಂತ ಇನ್ನೂ ಸಾಕಷ್ಟು ಮೇಲೆಯೇ ಇದೆ.

ಇಂಗ್ಲೆಂಡ್ ಗೆದ್ದದ್ದರಿಂದ ಲಿಲ್ಲೀ ಅಂದಾಜು ಸರಿಯೆಂದು ಸಾಬೀತಾಯಿತೇ? ಇಲ್ಲ. ಶೇ. 0.1 ಸಂಭವದ ಘಟನೆಯೂ ನಡೆಯುತ್ತದೆ, ಶೇ. 1 ಸಂಭವದ್ದೂ ನಡೆಯುತ್ತದೆ. ನಡೆದದ್ದನ್ನು ಒಮ್ಮೆ ನೋಡಿ ಯಾವುದೆಂದು ಹೇಳಲಾಗದು. ನಿಜಕ್ಕೂ ನೂರಕ್ಕೊಂದು ಸಂಭವವಿರುವ, ಅಂದರೆ ಬಹಳ ಲಾಭದ, ಇಂಥ ನೂರು ಬಾಜಿ ಕಟ್ಟಿದವನು ನೂರನ್ನೂ ಸೋಲುವ ಸಾಧ್ಯತೆ ಶೇ. 36ಕ್ಕಿಂತ ಹೆಚ್ಚು. ಪ್ರತಿ ಚೀಟಿಯಲ್ಲೂ ಅನುಕೂಲ ಅವನದೇ, ಜೇಬು ಮಾತ್ರ ಖಾಲಿ.

ಎಷ್ಟು ಕಟ್ಟಬೇಕು ಎಂಬ ಪ್ರಶ್ನೆ ಅದಕ್ಕಾಗಿಯೇ ಬೇರೆ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಪ್ರತಿ ಪೌಂಡಿನ ನಿರೀಕ್ಷಿತ ಲಾಭವನ್ನು ದರದಿಂದ ಭಾಗಿಸಿದರೆ, ಒಟ್ಟು ಗಂಟಿನಲ್ಲಿ ಎಷ್ಟು ಪಾಲು ಕಟ್ಟಬಹುದು ಎಂಬುದು ಬರುತ್ತದೆ. ನೂರಕ್ಕೊಂದು ಅಂದಾಜಿನಲ್ಲಿ ಪ್ರತಿ ಪೌಂಡಿಗೆ 4.01 ಪೌಂಡ್ ಲಾಭ. ಅದನ್ನು 500ರಿಂದ ಭಾಗಿಸಿದರೆ ಶೇ. 0.8. ಬಾಜಿಗೆಂದೇ ಎತ್ತಿಟ್ಟ ಸುಮಾರು 1,250 ಪೌಂಡ್ ಇದ್ದವರಿಗಷ್ಟೇ ಲಿಲ್ಲೀಯ 10 ಪೌಂಡ್ ಅಳತೆಗೆ ಸರಿಯಾದ ಬಾಜಿ. ಶೇ. 0.59ರ ಅಂದಾಜಿಗೆ ಇಳಿದರೆ ಅದೇ 10 ಪೌಂಡಿಗೆ ಗಂಟು 2,500 ಪೌಂಡಿಗೂ ಮೇಲಿರಬೇಕು.