ಎನ್‌ಎವಿಯೊಳಗೆ ಕರಗಿಹೋಗುವ ಕಮಿಷನ್

ಮ್ಯೂಚುವಲ್ ಫಂಡ್‌ಗಳ ಸಂಘಟನೆಯಾದ ಆಂಫಿಯ ಜಾಲತಾಣದಲ್ಲಿ ಪ್ರತಿ ವಹಿವಾಟಿನ ದಿನವೂ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಪ್ರಕಟವಾಗುತ್ತದೆ. ಆ ಪಟ್ಟಿಯಲ್ಲಿ ಯಾವುದಾದರೂ ಹಳೆಯ ಈಕ್ವಿಟಿ ಫಂಡನ್ನು ಹುಡುಕಿ ನೋಡಿ. ಅದರ ಹೆಸರು ಎರಡು ಕಡೆ ಸಿಗುತ್ತದೆ. ಒಂದರ ಪಕ್ಕದಲ್ಲಿ ರೆಗ್ಯುಲರ್ ಎಂದಿರುತ್ತದೆ, ಇನ್ನೊಂದರ ಪಕ್ಕದಲ್ಲಿ ಡೈರೆಕ್ಟ್. ಎರಡನ್ನೂ ನಡೆಸುವವರು ಅದೇ ಫಂಡ್ ಮ್ಯಾನೇಜರ್. ಎರಡರಲ್ಲೂ ಇರುವುದು ಅವೇ ಷೇರುಗಳು, ಅದೇ ಪ್ರಮಾಣದಲ್ಲಿ. ಬೆಲೆ ಮಾತ್ರ ಬೇರೆ: ಡೈರೆಕ್ಟ್‌ನ ಎನ್‌ಎವಿ ಯಾವಾಗಲೂ ಹೆಚ್ಚು.

ಇದನ್ನು ನೋಡಿ ಎಷ್ಟೋ ಜನ ಡೈರೆಕ್ಟ್ ದುಬಾರಿ ಎಂದುಕೊಳ್ಳುತ್ತಾರೆ. 'ಅದೇ ದುಡ್ಡಿಗೆ ರೆಗ್ಯುಲರ್‌ನಲ್ಲಿ ಜಾಸ್ತಿ ಯೂನಿಟ್ ಬರುತ್ತಲ್ಲ ಸಾರ್' ಎಂದು ಹೇಳುವ ಏಜೆಂಟರೂ ಇದ್ದಾರೆ. ಯೂನಿಟ್ ಜಾಸ್ತಿ ಬರುವುದು ನಿಜ, ಆದರೆ ಅದಕ್ಕೆ ಅರ್ಥವಿಲ್ಲ. ನಿಮ್ಮ ಹಣ ಬೆಳೆಯುವುದು ಎನ್‌ಎವಿ ಶೇಕಡಾ ಎಷ್ಟು ಏರಿತು ಎಂಬುದರ ಮೇಲೆ, ಕೈಯಲ್ಲಿ ಎಷ್ಟು ಯೂನಿಟ್ ಇದೆ ಎಂಬುದರ ಮೇಲಲ್ಲ. ಡೈರೆಕ್ಟ್ ಪ್ಲಾನ್‌ಗಳು ಶುರುವಾದದ್ದು 2013ರ ಜನವರಿ 1ರಂದು. ಅಂದು ಹಳೆಯ ಫಂಡ್‌ಗಳಲ್ಲಿ ಎರಡೂ ಪ್ಲಾನ್‌ಗಳು ಹೆಚ್ಚುಕಡಿಮೆ ಒಂದೇ ಬೆಲೆಯಿಂದ ಹೊರಟವು. ಇವತ್ತು ರೆಗ್ಯುಲರ್ 100 ರೂಪಾಯಿ, ಡೈರೆಕ್ಟ್ 112 ರೂಪಾಯಿ ಇದ್ದರೆ, ನಡುವಿನ ಆ 12 ರೂಪಾಯಿ ಇಷ್ಟು ವರ್ಷಗಳಲ್ಲಿ ರೆಗ್ಯುಲರ್ ಹೂಡಿಕೆದಾರರ ಕೈತಪ್ಪಿದ ಹಣ. ಅದರ ಬಹುಪಾಲು ಹೋಗಿರುವುದು ವಿತರಕರ ಕಮಿಷನ್ನಿಗೆ.

ಹೋದದ್ದು ಹೇಗೆ ಗೊತ್ತಾಗಲಿಲ್ಲ? ಮೊದಲು ಗೊತ್ತಾಗುತ್ತಿತ್ತು. 2009ರ ಆಗಸ್ಟ್‌ಗೆ ಮುಂಚೆ ಈಕ್ವಿಟಿ ಫಂಡ್‌ಗೆ 100 ರೂಪಾಯಿ ಹಾಕಿದರೆ ಸಾಮಾನ್ಯವಾಗಿ ಎರಡೂಕಾಲು ರೂಪಾಯಿ 'ಎಂಟ್ರಿ ಲೋಡ್' ಎಂದು ಮೊದಲೇ ಮುರಿದುಕೊಂಡು ಉಳಿದದ್ದನ್ನು ಹೂಡುತ್ತಿದ್ದರು. ಮಾರುಕಟ್ಟೆ ನಿಯಂತ್ರಕ ಸೆಬಿ ಅದನ್ನು ರದ್ದು ಮಾಡಿತು. ಕಣ್ಣಿಗೆ ಬೀಳುತ್ತಿದ್ದ ಕಡಿತ ನಿಂತಿತು, ಕಾಣದ ಕಡಿತ ಉಳಿಯಿತು. ಪ್ರತಿ ಫಂಡ್‌ಗೂ ವಾರ್ಷಿಕ ವೆಚ್ಚದ ಅನುಪಾತ ಎಂದೊಂದಿದೆ, ಎಕ್ಸ್‌ಪೆನ್ಸ್ ರೇಶಿಯೋ ಎಂದೇ ಎಲ್ಲರೂ ಕರೆಯುವುದು. ಫಂಡ್ ನಡೆಸುವ ಶುಲ್ಕ, ಲೆಕ್ಕಪತ್ರದ ಖರ್ಚು ಎಲ್ಲವೂ ಅದರೊಳಗೆ ಬರುತ್ತವೆ. ರೆಗ್ಯುಲರ್ ಪ್ಲಾನ್‌ನಲ್ಲಿ ವಿತರಕರ ಕಮಿಷನ್ ಕೂಡ ಅದರೊಳಗೇ ಇರುತ್ತದೆ. ಈ ವೆಚ್ಚವನ್ನು ವರ್ಷಕ್ಕೊಮ್ಮೆ ಕೇಳಿ ವಸೂಲು ಮಾಡುವುದಿಲ್ಲ. ಅದನ್ನು ದಿನದಿನಕ್ಕೆ ಹಂಚಿ ಫಂಡಿನ ಆಸ್ತಿಯಿಂದ ಕಳೆದು, ಉಳಿದದ್ದನ್ನೇ ಅಂದಿನ ಎನ್‌ಎವಿ ಎಂದು ಪ್ರಕಟಿಸುತ್ತಾರೆ. ನಾವು ನೋಡುವ ಬೆಲೆಯೇ ಕಳೆದು ಉಳಿದ ಬೆಲೆಯಾದ್ದರಿಂದ ಕಳೆದದ್ದು ಸ್ಟೇಟ್‌ಮೆಂಟಿನ ವಹಿವಾಟಿನ ಸಾಲುಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಲೆಕ್ಕಕ್ಕೆ ಒಬ್ಬರನ್ನು ಇಟ್ಟುಕೊಳ್ಳೋಣ. ದಾವಣಗೆರೆಯ ನಿವೃತ್ತ ಉಪನ್ಯಾಸಕಿ ಎನ್ನಿ. ಬ್ಯಾಂಕಿನವರ ಮೂಲಕ ಈಕ್ವಿಟಿ ಫಂಡ್‌ಗಳಲ್ಲಿ ಹಾಕಿದ 12 ಲಕ್ಷ ರೂಪಾಯಿ ಈಗ 20 ಲಕ್ಷವಾಗಿದೆ. ಎರಡು ಪ್ಲಾನ್‌ಗಳ ವೆಚ್ಚದ ಅಂತರ ವರ್ಷಕ್ಕೆ ಶೇ 0.9 ಎಂದುಕೊಂಡರೆ ಅವರಿಂದ ಹೋಗುತ್ತಿರುವುದು ವರ್ಷಕ್ಕೆ 18,000 ರೂಪಾಯಿ, ದಿನಕ್ಕೆ ಸುಮಾರು 49. 'ಮೇಡಂ, ತಿಂಗಳಿಗೆ 1,500 ರೂಪಾಯಿ ನಮ್ಮ ಫೀಸು, ಚೆಕ್ ಬರೆದುಕೊಡಿ' ಎಂದು ಯಾರಾದರೂ ಕೇಳಿದ್ದರೆ ಅವರು ಖಂಡಿತ ಒಂದೆರಡು ಪ್ರಶ್ನೆ ಹಾಕುತ್ತಿದ್ದರು. ಯಾರೂ ಕೇಳುವುದಿಲ್ಲ, ಅವರೂ ಪ್ರಶ್ನಿಸುವುದಿಲ್ಲ.

ನನ್ನ ಕಣ್ಣಿಗೆ ಇದರಲ್ಲಿ ಮುಖ್ಯವಾದದ್ದು ಪ್ರಮಾಣವಲ್ಲ, ಕಮಿಷನ್ ಲೆಕ್ಕ ಹಾಕುವ ರೀತಿ. ಬೆಂಗಳೂರಿನಲ್ಲಿ ಮನೆ ತೋರಿಸಿದ ಬ್ರೋಕರ್ ಒಂದು ತಿಂಗಳ ಬಾಡಿಗೆ ತೆಗೆದುಕೊಂಡು ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ಫಂಡಿನ ಕಮಿಷನ್ ಹಾಗಲ್ಲ. 2018ರ ಅಕ್ಟೋಬರ್‌ನಲ್ಲಿ ಸೆಬಿ ಮುಂಗಡ ಕಮಿಷನ್ನನ್ನು ನಿಲ್ಲಿಸಿ, ಹೂಡಿಕೆ ಇರುವಷ್ಟು ಕಾಲ ಕೊಡುವ 'ಟ್ರೇಲ್' ಕಮಿಷನ್ನನ್ನು ಮಾತ್ರ ಉಳಿಸಿತು. ಕಮಿಷನ್ ಆಸೆಗೆ ಜನರನ್ನು ಫಂಡಿನಿಂದ ಫಂಡಿಗೆ ಕುಣಿಸುವುದು ಇದರಿಂದ ಕಡಿಮೆಯಾಗಲಿ ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಟ್ರೇಲ್ ಸಿಗುವುದು ನೀವು ಹಾಕಿದ ಹಣದ ಮೇಲಲ್ಲ, ಬೆಳೆದು ನಿಂತ ಮೊತ್ತದ ಮೇಲೆ. ಉಪನ್ಯಾಸಕಿಯ 20 ಲಕ್ಷ ನಾಳೆ 40 ಲಕ್ಷವಾದರೆ 18,000 ರೂಪಾಯಿ 36,000 ಆಗುತ್ತದೆ. ವಿತರಕರ ಕೆಲಸ ಇಮ್ಮಡಿಯಾಗಿರುವುದಿಲ್ಲ. ಫಾರ್ಮ್ ತುಂಬಿಸಿದ ಬ್ಯಾಂಕ್ ಅಧಿಕಾರಿ ಅಷ್ಟರಲ್ಲಿ ಬೇರೆ ಶಾಖೆಗೆ ವರ್ಗವಾಗಿ ಹೋಗಿರಲೂಬಹುದು. ಅವರು ಹೋದರೂ ಬ್ಯಾಂಕಿಗೆ ಕಮಿಷನ್ ಬರುತ್ತಲೇ ಇರುತ್ತದೆ.

ದೀರ್ಘಾವಧಿಯಲ್ಲಿ ಇದು ಎಷ್ಟಾಗುತ್ತದೆ? ತಿಂಗಳಿಗೆ 10,000 ರೂಪಾಯಿಯ ಸಿಪ್, 20 ವರ್ಷ. ಕೈಯಿಂದ ಹಾಕುವುದು 24 ಲಕ್ಷ. ಡೈರೆಕ್ಟ್‌ನಲ್ಲಿ ವರ್ಷಕ್ಕೆ ಶೇ 12, ರೆಗ್ಯುಲರ್‌ನಲ್ಲಿ ಶೇ 11 ಬಂತು ಎಂದುಕೊಂಡರೆ (ಇಷ್ಟೇ ಬರುತ್ತದೆಂಬ ಭರವಸೆ ಯಾರೂ ಕೊಡಲಾರರು, ಇದು ಲೆಕ್ಕಕ್ಕೆ ಮಾತ್ರ) ಕೊನೆಗೆ ಒಂದರಲ್ಲಿ ಸುಮಾರು 99.9 ಲಕ್ಷ, ಇನ್ನೊಂದರಲ್ಲಿ ಸುಮಾರು 87.4 ಲಕ್ಷ. ಹನ್ನೆರಡೂವರೆ ಲಕ್ಷದ ವ್ಯತ್ಯಾಸ, ಅಂದರೆ ಹಾಕಿದ ಹಣದ ಅರ್ಧಕ್ಕಿಂತ ಹೆಚ್ಚು. ಇಷ್ಟೂ ಕಮಿಷನ್ನಾಗಿ ಹೋದದ್ದಲ್ಲ. ಹೋದ ಪ್ರತಿ ರೂಪಾಯಿಯೂ ಇಲ್ಲೇ ಇದ್ದಿದ್ದರೆ ಮುಂದಿನ ವರ್ಷಗಳಲ್ಲಿ ತಾನೂ ಬೆಳೆಯುತ್ತಿತ್ತು, ಆ ನಷ್ಟವೂ ಇದರಲ್ಲಿ ಸೇರಿದೆ.

ಎಲ್ಲ ಫಂಡ್‌ಗಳಲ್ಲೂ ಅಂತರ ಇಷ್ಟೇ ಇರುವುದಿಲ್ಲ. ಫಂಡ್ ದೊಡ್ಡದಾದಂತೆ ವೆಚ್ಚದ ಮಿತಿಯನ್ನು ಸೆಬಿ ಇಳಿಸುವುದರಿಂದ ಸಾಮಾನ್ಯವಾಗಿ ಸಣ್ಣ ಈಕ್ವಿಟಿ ಫಂಡ್‌ಗಳಲ್ಲಿ ಅಂತರ ಹೆಚ್ಚು. ಲಿಕ್ವಿಡ್ ಫಂಡ್‌ಗಳಲ್ಲಿ ಅದು ತೀರಾ ಕಡಿಮೆ. ಸಾಲಪತ್ರಗಳ ಫಂಡ್‌ಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಅಲ್ಲಿ ಅರ್ಧ ಪರ್ಸೆಂಟ್ ಎಂದರೆ ಸಣ್ಣದೆನಿಸುತ್ತದೆ, ಆದರೆ ಬರುವುದೇ ಶೇ 7 ಆಗಿದ್ದಾಗ ಅದು ಗಳಿಕೆಯ ಹದಿನಾಲ್ಕರಲ್ಲಿ ಒಂದು ಪಾಲು.

ನಿಮ್ಮದು ಯಾವ ಪ್ಲಾನ್ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಎಲ್ಲ ಫಂಡ್‌ಗಳ ಲೆಕ್ಕ ಒಟ್ಟಿಗೆ ಸಿಗುವ ಸ್ಟೇಟ್‌ಮೆಂಟ್ ಒಂದಿದೆ, ಅದಕ್ಕೆ ಕ್ಯಾಸ್ ಎನ್ನುತ್ತಾರೆ. ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಲ್ಲಿ ನಿಮ್ಮ ಇಮೇಲ್ ವಿಳಾಸ ಕೊಟ್ಟು ತರಿಸಿಕೊಳ್ಳಬಹುದು. ಅದರಲ್ಲಿ ಪ್ರತಿ ಫಂಡಿನ ಹೆಸರಿನ ಹತ್ತಿರ ಎಆರ್‌ಎನ್ ಎಂದು ಶುರುವಾಗುವ ಸಂಖ್ಯೆಯಿದ್ದರೆ ಅದು ವಿತರಕರ ನೋಂದಣಿ ಸಂಖ್ಯೆ, ನಿಮ್ಮದು ರೆಗ್ಯುಲರ್. ಆ ಜಾಗದಲ್ಲಿ ಡೈರೆಕ್ಟ್ ಎಂದಿದ್ದರೆ ವಿತರಕರಿಲ್ಲ. ಇನ್ನೂ ಒಂದು ಅಂಕಿ ಇದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ಗೆ ಮುಗಿಯುವ ಅರ್ಧ ವರ್ಷದ ಸ್ಟೇಟ್‌ಮೆಂಟಿನಲ್ಲಿ, ನಿಮ್ಮ ಹೂಡಿಕೆಯ ಮೇಲೆ ವಿತರಕರಿಗೆ ಎಷ್ಟು ಕಮಿಷನ್ ಸಂದಿದೆ ಎಂಬುದನ್ನು ಶೇಕಡಾವಾರು ಅಲ್ಲ, ರೂಪಾಯಿಯಲ್ಲೇ ತಿಳಿಸಬೇಕೆಂದು 2016ರಲ್ಲಿ ಸೆಬಿ ಹೇಳಿದೆ. ಅಂದಿನಿಂದ ಅದು ಬರುತ್ತಿದೆ. ಪಾಸ್‌ವರ್ಡ್ ಹಾಕಿ ತೆರೆಯಬೇಕಾದ ಪಿಡಿಎಫ್ ಆದ್ದರಿಂದ ಹೆಚ್ಚಿನವರು ತೆರೆಯುವ ಗೋಜಿಗೇ ಹೋಗುವುದಿಲ್ಲ, ಅಷ್ಟೆ.

ವಿತರಕರ ಪರವಾಗಿಯೂ ಒಂದು ಮಾತು ಹೇಳಬೇಕು. 2020ರ ಮಾರ್ಚ್‌ನಲ್ಲಿ ಸೂಚ್ಯಂಕ ಕುಸಿದಾಗ, 'ಎಲ್ಲ ಮಾರಿಬಿಡಿ' ಎಂದು ಗಾಬರಿಯಿಂದ ಫೋನ್ ಮಾಡಿದವರನ್ನು ತಡೆದು ಕೂರಿಸಿದ ವಿತರಕರು ಆ ಒಂದೇ ಕರೆಯಲ್ಲಿ ಹಲವು ವರ್ಷಗಳ ಕಮಿಷನ್ ಗಳಿಸಿದರು ಎನ್ನಬಹುದು. ನಾಮಿನಿ ಬದಲಾವಣೆ, ತೀರಿಕೊಂಡವರ ಯೂನಿಟ್‌ಗಳನ್ನು ವಾರಸುದಾರರಿಗೆ ವರ್ಗಾಯಿಸುವುದು, ಇಂಥ ಓಡಾಟ ಮಾಡಿಕೊಡುವವರಿದ್ದಾರೆ. ಅಂಥವರಿದ್ದರೆ, ಕಮಿಷನ್ ಎಷ್ಟೆಂದು ತಿಳಿದೇ ಅವರ ಜೊತೆ ಮುಂದುವರಿಯುವುದರಲ್ಲಿ ತಪ್ಪಿಲ್ಲ. ಸಲಹೆ ಬೇಕು ಆದರೆ ಕಮಿಷನ್ ಬೇಡ ಎನ್ನುವವರಿಗೆ ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರಿದ್ದಾರೆ. ಅವರು ಶುಲ್ಕ ಕೇಳಿ ಪಡೆದು ಡೈರೆಕ್ಟ್ ಪ್ಲಾನ್‌ಗಳನ್ನೇ ಸೂಚಿಸುತ್ತಾರೆ. ಆದರೆ ಅವರ ಸಂಖ್ಯೆ ಕಡಿಮೆ, ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಹೂಡಿಕೆ ಒಂದೆರಡು ಲಕ್ಷವಷ್ಟೇ ಇದ್ದರೆ ಅವರ ಶುಲ್ಕವೇ ಕಮಿಷನ್ನಿಗಿಂತ ಹೆಚ್ಚಾದೀತು.

ಬದಲಾಯಿಸಬೇಕು ಎಂದು ತೀರ್ಮಾನಿಸಿದವರು ಎಡವುವುದು ತೆರಿಗೆಯಲ್ಲಿ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ 'ಸ್ವಿಚ್' ಎಂದು ಒಂದು ಗುಂಡಿ ಒತ್ತಿದರೆ ಆಯಿತು ಎನಿಸುತ್ತದೆ. ಕಾನೂನಿನ ಕಣ್ಣಲ್ಲಿ ಅದು ಮಾರಿ ಮತ್ತೆ ಕೊಂಡಂತೆ. ನಮ್ಮ ಉಪನ್ಯಾಸಕಿ 20 ಲಕ್ಷವನ್ನೂ ಒಂದೇ ದಿನ ಬದಲಾಯಿಸಿದರೆ 8 ಲಕ್ಷ ಲಾಭ ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷ ದಾಟಿದ ಈಕ್ವಿಟಿ ಲಾಭದಲ್ಲಿ ಹಣಕಾಸು ವರ್ಷಕ್ಕೆ ಒಂದೂಕಾಲು ಲಕ್ಷಕ್ಕೆ ತೆರಿಗೆಯಿಲ್ಲ, ಮಿಕ್ಕಿದ್ದಕ್ಕೆ ಶೇ 12.5. ಆರು ಮುಕ್ಕಾಲು ಲಕ್ಷಕ್ಕೆ 84,375 ರೂಪಾಯಿ, ಸೆಸ್ ಸೇರಿ 87,750. ವರ್ಷಕ್ಕೆ 18,000 ಉಳಿಸಲು ಹೋಗಿ ಇಷ್ಟನ್ನು ಈಗಲೇ ಕಟ್ಟಬೇಕಾಗುತ್ತದೆ. ಎಂದಾದರೂ ಮಾರಿದಾಗ ಕಟ್ಟಬೇಕಾದ ತೆರಿಗೆಯೇ ಇದು, ನಿಜ. ಆದರೂ ಇಂದೇ ಕಟ್ಟುವ ಅಗತ್ಯವಿಲ್ಲ.

ಅವರ ಮೊತ್ತದಲ್ಲಿ ಲಾಭದ ಪಾಲು ಶೇ 40. ಹಾಗಾಗಿ ಸುಮಾರು 3.1 ಲಕ್ಷ ರೂಪಾಯಿಯಷ್ಟು ಯೂನಿಟ್ ಮಾರಿದರೆ ಬರುವ ಲಾಭ ಒಂದೂಕಾಲು ಲಕ್ಷದ ಒಳಗೇ ನಿಲ್ಲುತ್ತದೆ. ಮೊದಲು ಹಾಕಿದ ಯೂನಿಟ್ ಮೊದಲು ಹೋಗುವುದರಿಂದ ಹಳೆಯ ಯೂನಿಟ್‌ಗಳಲ್ಲಿ ಲಾಭ ಇನ್ನೂ ಹೆಚ್ಚಿರಬಹುದು, ಅದನ್ನು ನೋಡಿಕೊಂಡು ಮೊತ್ತ ಇಳಿಸಬೇಕು. ಮಾರ್ಚ್ ಮೂರನೆಯ ವಾರದಲ್ಲಿ ಒಂದು ಕಂತು, ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಕಂತು ಬದಲಾಯಿಸಿದರೆ ಎರಡು ಹಣಕಾಸು ವರ್ಷಗಳ ವಿನಾಯಿತಿ ಕೆಲವೇ ದಿನಗಳ ಅಂತರದಲ್ಲಿ ಸಿಗುತ್ತದೆ. ಮಿಕ್ಕಿದ್ದನ್ನು ಮುಂದಿನ ವರ್ಷಗಳಲ್ಲಿ ಹೀಗೆಯೇ ಸಾಗಿಸಬಹುದು. ಈ ನಡುವೆ ಹೊಸ ಸಿಪ್‌ಗೆ ಕಾಯುವ ಕಾರಣವೇ ಇಲ್ಲ. ಹಳೆಯದನ್ನು ನಿಲ್ಲಿಸಿ ಅದೇ ಫಂಡಿನ ಡೈರೆಕ್ಟ್‌ನಲ್ಲಿ ಶುರುಮಾಡಲು ತೆರಿಗೆಯ ಅಡ್ಡಿಯಿಲ್ಲ. ಫಂಡ್ ಕಂಪನಿಯ ಜಾಲತಾಣದಲ್ಲೋ ಎಂಎಫ್ ಸೆಂಟ್ರಲ್‌ನಲ್ಲೋ ಇದನ್ನು ಮಾಡಿಕೊಳ್ಳಬಹುದು.

ಹೊಸದಾಗಿ ಬಂದ ಡೈರೆಕ್ಟ್ ಯೂನಿಟ್‌ಗಳಿಗೆ ಹಳೆಯ ವಯಸ್ಸು ಬರುವುದಿಲ್ಲ. ಅವು ಅಂದೇ ಕೊಂಡವು. ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ 20ರ ತೆರಿಗೆ, ಹಲವು ಫಂಡ್‌ಗಳಲ್ಲಿ ಶೇ 1ರ ಎಕ್ಸಿಟ್ ಲೋಡ್ ಕೂಡ ಇರುತ್ತದೆ. ಹಾಗಾಗಿ ಮುಂದಿನ ವರ್ಷ ಮಗಳ ಮದುವೆಗೋ ಸೈಟಿಗೋ ಬೇಕಾಗುವ ಹಣವನ್ನು ರೆಗ್ಯುಲರ್‌ನಲ್ಲೇ ಬಿಟ್ಟು, ಬೇಕಾದಾಗ ಅಲ್ಲಿಂದಲೇ ತೆಗೆಯುವುದು ಲೇಸು. ತೆರಿಗೆ ಉಳಿತಾಯದ ಇಎಲ್‌ಎಸ್‌ಎಸ್ ಯೂನಿಟ್‌ಗಳನ್ನಂತೂ ಪ್ರತಿ ಕಂತಿಗೂ ಮೂರು ವರ್ಷ ತುಂಬುವವರೆಗೆ ಅಲುಗಾಡಿಸಲು ಆಗುವುದಿಲ್ಲ.