‘ನಿನ್ನಿಷ್ಟ’ ಎಂದು ಬರೆದಾಗ

ಊರಿನ ಮನೆಯ ದುರಸ್ತಿಗೆ ಎಷ್ಟು ಹಣ ಕಳುಹಿಸಲಿ ಎಂದು ದುಬೈಯಲ್ಲಿರುವ ತಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೇಳಿದ ಎಂದುಕೊಳ್ಳೋಣ. ಅಣ್ಣ ‘ನಿನ್ನಿಷ್ಟ’ ಎಂದು ಬರೆಯುತ್ತಾರೆ. ಎದುರು ಕುಳಿತು ಹೇಳಿದ್ದರೆ ಅದು ‘ನಿನಗೆ ಕಷ್ಟವಾಗದಷ್ಟು ಕೊಡು’ ಎಂಬ ಪ್ರೀತಿಯ ಮಾತು. ಫೋನಿನಲ್ಲಿ ಓದಿದ ತಮ್ಮನಿಗೆ ಅದು ಮುನಿಸಿನಂತೆ ಕಾಣುತ್ತದೆ.

ಬರೆಯುವಾಗ ನಮ್ಮ ಧ್ವನಿ ನಮಗೆ ಕೇಳುತ್ತಿರುತ್ತದೆ. ಓದುವವರಿಗೆ ಅದು ತಲುಪುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮಾತು ಗಂಭೀರವೋ ವ್ಯಂಗ್ಯವೋ ಎಂಬುದು ನೂರಕ್ಕೆ ಸುಮಾರು 78 ಸಲ ತಿಳಿಯುತ್ತದೆ ಎಂದು ಇಮೇಲ್ ಬರೆದವರು ನಂಬಿದ್ದರು. ತಿಳಿದದ್ದು ಸುಮಾರು 56 ಸಲ. ಧ್ವನಿಯಲ್ಲಿ ಹೇಳಿದಾಗ ಅದು ಸುಮಾರು 73ಕ್ಕೇರಿತು.

ಎದುರಿಗಿದ್ದರೆ ತಮ್ಮನ ಮುಖ ಬಾಡಿದ ಕೂಡಲೇ ಅಣ್ಣ ಮಾತು ತಿದ್ದುತ್ತಿದ್ದರು. ಇಲ್ಲಿ ನೀಲಿ ಗುರುತು ಬಿದ್ದ ಮೇಲಿನ ಮೌನವೂ ಉತ್ತರವಾಗುತ್ತದೆ. ಗುಂಪಿನಲ್ಲಿ ಎಲ್ಲರೂ ನೋಡುತ್ತಿರುವುದರಿಂದ ಇಬ್ಬರಿಗೂ ಹಿಂದೆ ಸರಿಯಲು ಸಂಕೋಚ.

ಒಂದೇ ಮಾತಿಗೆ ಎರಡನೇ ಬಾರಿ ವಿವರಣೆ ಬರೆಯಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸೋಣ. ‘ಇಶಾ ಬಳಿಕ ಫೋನ್ ಮಾಡುತ್ತೇನೆ’ ಎಂದಷ್ಟೇ ತಿಳಿಸಿ, ಗುಂಪಿನ ಹೊರಗೆ ಮಾತಾಡೋಣ. ಒಪ್ಪಿದ ಮೊತ್ತ, ದಿನಾಂಕಗಳನ್ನು ಆಮೇಲೆ ಬರೆದಿಡೋಣ. ಬರಹ ಉಪಯುಕ್ತವಾಗುವುದು ಅಲ್ಲಿ. ಆದರೆ ಎದುರಿನವರು ಬೆದರಿಸುವವರಾದರೆ ಒಬ್ಬರೇ ಹೋಗಬಾರದು, ನಂಬಿಕಸ್ಥ ಹಿರಿಯರು ಜೊತೆಗಿರಲಿ.

ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದೆಂದೂ ಮೊದಲು ಸಲಾಮ್ ಹೇಳುವವರೇ ಉತ್ತಮರೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಆ ಸಲಾಮ್ ನಮ್ಮ ಧ್ವನಿಯಲ್ಲೇ ತಲುಪಲಿ.