ಬೋನಸ್ ಬಂದ ಮೇಲೆ ಸರಾಸರಿ ದರ ನಂಬಬಹುದೇ?

2024ರ ಡಿಸೆಂಬರ್ 3 ವಿಪ್ರೋ ಬೋನಸ್‌ನ ರೆಕಾರ್ಡ್ ದಿನ. ಇದ್ದ ಪ್ರತಿ ಷೇರಿಗೆ ಇನ್ನೊಂದು ಷೇರು ಪುಕ್ಕಟೆ. ಆ ದಿನ ಪೇಟೆಯ ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಬೋನಸ್ ಷೇರು ಡಿಮ್ಯಾಟ್ ಖಾತೆಗೆ ಜಮೆಯಾಗುವುದು ಆಮೇಲೆ. ಇಂಥ ಒಂದೆರಡು ದಿನ ಆ್ಯಪ್‌ನಲ್ಲಿ ಭಾರಿ ನಷ್ಟ ಕಾಣುವುದುಂಟು. ಗಾಬರಿಯಲ್ಲಿ ಮಾರುವವರೂ ಇದ್ದಾರೆ.

ಒಬ್ಬರು 2023ರಲ್ಲಿ 400 ರೂಪಾಯಿಯಂತೆ 40 ವಿಪ್ರೋ ಷೇರು ಕೊಂಡಿದ್ದರು ಎನ್ನೋಣ. ಹಾಕಿದ ಹಣ 16,000. ಬೋನಸ್ ನಂತರ ಷೇರು 80, ಸರಾಸರಿ 200. ಗುಣಿಸಿದರೆ ಮತ್ತೆ 16,000 ಬಂತು, ಲೆಕ್ಕ ಸರಿ. ಷೇರು 80 ಆಗಿಯೂ ಸರಾಸರಿ 400ರಲ್ಲೇ ನಿಂತಿದ್ದರೆ, ಆ್ಯಪ್ ಬೋನಸ್ಸನ್ನು ದುಡ್ಡು ಕೊಟ್ಟು ಕೊಂಡ ಷೇರಿನಂತೆ ಬರೆದುಕೊಂಡಿದೆ ಎಂದರ್ಥ.

ಆದರೆ ಆದಾಯ ತೆರಿಗೆಯವರು ಈ 200ನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಹಳೆಯ 40 ಷೇರಿನ ಖರೀದಿ ದರ 400 ರೂಪಾಯಿಯೇ, ಬೋನಸ್ ಷೇರಿನದು ಸೊನ್ನೆ. ಡಿಮ್ಯಾಟ್‌ನಲ್ಲಿ ಮೊದಲು ಬಂದ ಷೇರೇ ಮೊದಲು ಮಾರಾಟವಾಯಿತೆಂದು ಲೆಕ್ಕ. ಈಗ 250ರ ದರಕ್ಕೆ 40 ಷೇರು ಮಾರಿದರೆ, ಸರಾಸರಿ ನೋಡಿದವರಿಗೆ 2,000 ರೂಪಾಯಿ ಲಾಭ. ತೆರಿಗೆ ಲೆಕ್ಕದಲ್ಲಿ 6,000 ನಷ್ಟ! ಇದೇ ಕ್ರಮ ಅನುಸರಿಸುವ ಆ್ಯಪ್‌ಗಳಲ್ಲಿ ಉಳಿದ 40 ಷೇರಿನ ಸರಾಸರಿ ಸೊನ್ನೆಯೆಂದು ಕಾಣುತ್ತದೆ. ಅದು ಆ್ಯಪ್‌ನ ದೋಷವಲ್ಲ. ಆ ಷೇರುಗಳನ್ನು ಮಾರಿದ ದಿನ ಬಂದ ಹಣವೆಲ್ಲ ಲಾಭವೇ, ಮತ್ತು ಒಂದು ವರ್ಷದ ಅವಧಿಯನ್ನು ಅವು ಹಂಚಿಕೆಯಾದ ದಿನದಿಂದ ಎಣಿಸಬೇಕು. ಬೋನಸ್‌ಗೆ ತುಸು ಮುಂಚೆ ಕೊಂಡು, ಹಳೆಯದನ್ನು ಬೇಗ ಮಾರಿ ನಷ್ಟ ತೋರಿಸುವ ಜಾಣತನಕ್ಕೂ ಕಾನೂನು ಬೇಲಿ ಹಾಕಿದೆ.

ಷೇರು ವಿಭಜನೆಯಲ್ಲಿ ಈ ತಲೆನೋವಿಲ್ಲ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ತನ್ನ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದಾಗಿ ಒಡೆಯಿತು. 500ರಂತೆ ಕೊಂಡ 30 ಷೇರು 150 ಆಯಿತು, ದರ 100. ಇಲ್ಲಿ ತೆರಿಗೆಗೂ ಇದೇ ದರ. ಕೊಂಡ ದಿನಾಂಕವೂ ಹಳೆಯದೇ.

ವಿಭಜನೆಯಲ್ಲಿ ಷೇರಿನ ಐಎಸ್‌ಐಎನ್ ಸಂಖ್ಯೆ ಬದಲಾಗುತ್ತದೆ. ಹೀಗಾಗಿ ಡಿಪಾಸಿಟರಿಯ ಸ್ಟೇಟ್‌ಮೆಂಟ್‌ನಲ್ಲಿ ಹಳೆಯ 30 ಹೊರಹೋಗಿ ಹೊಸ 150 ಒಳಬಂದಂತೆ ಎರಡು ಸಾಲು ಕಂಡೀತು, ಅದು ಮಾರಾಟವಲ್ಲ. ಷೇರಿನ ಸಂಖ್ಯೆಗೆ ಈ ಸ್ಟೇಟ್‌ಮೆಂಟೇ ಪ್ರಮಾಣ, ಆದರೆ ನೀವು ಕೊಂಡ ದರ ಅದರಲ್ಲಿ ಇರುವುದಿಲ್ಲ. ಬ್ರೋಕರ್ ಬದಲಿಸಿದವರು ಆ ದರವನ್ನು ಹೊಸ ಆ್ಯಪ್‌ಗೆ ಕೈಯಾರೆ ತುಂಬಬೇಕಾಗಿ ಬರಬಹುದು. ಆಗ ಹಳೆಯ ಕಾಂಟ್ರ್ಯಾಕ್ಟ್ ನೋಟಿನಲ್ಲಿರುವ 500ನ್ನು ಹಾಗೇ ಬರೆದರೆ 15,000ದ ಹೂಡಿಕೆ 75,000 ಆಗಿ ಕೂರುತ್ತದೆ.